ಹನ್ನೊಂದನೇ ಸ್ಥಾನದ ಹುಡುಗಿಯ ಮನೆಗೆ ಒಂದು ಪತ್ರ

ಖೋ ಖೋ ತಂಡದ ಪಟ್ಟಿಯಲ್ಲಿ ಹನ್ನೆರಡು ಹೆಸರು. ಅಂಗಳಕ್ಕೆ ಇಳಿಯುವವರು ಒಂಬತ್ತು, ಉಳಿದ ಮೂವರು ಬದಲಿ. ಹೈಸ್ಕೂಲಿನಲ್ಲಿ ಇಪ್ಪತ್ತಾರು ಹುಡುಗಿಯರು ಆಯ್ಕೆಗೆ ಬಂದರೆ ಹದಿನಾಲ್ಕು ಮಂದಿ ಮನೆಗೆ ಹೋಗಬೇಕು. ಅವರಲ್ಲಿ ಮೊದಲ ಸಲ ಬಂದವರ ವಿಷಯ ಅಷ್ಟು ಕಷ್ಟವಲ್ಲ. ಹೋದ ವರ್ಷ ಶಾಲೆಯ ಜೆರ್ಸಿ ತೊಟ್ಟು ತಾಲ್ಲೂಕು ಮಟ್ಟದವರೆಗೆ ಆಡಿದವಳ ಹೆಸರು ಈ ವರ್ಷ ನೋಟಿಸ್ ಬೋರ್ಡಿನಲ್ಲಿ ಇಲ್ಲದಾಗ ಕಷ್ಟ ಶುರುವಾಗುತ್ತದೆ. ಸಂಜೆ ಹುಡುಗಿ ಅಳುತ್ತಾ ಮನೆಗೆ ಬರುತ್ತಾಳೆ. ಅಪ್ಪ ದೈಹಿಕ ಶಿಕ್ಷಣ ಶಿಕ್ಷಕರಿಗೆ ಫೋನು ಮಾಡುತ್ತಾರೆ. ಮೇಷ್ಟ್ರು, "ಈ ಸಲ ಪೈಪೋಟಿ ಜಾಸ್ತಿ ಇತ್ತು ಸರ್, ಮುಂದಿನ ವರ್ಷ ನೋಡೋಣ" ಅನ್ನುತ್ತಾರೆ. ಆ ಮಾತಿನಿಂದ ಅಪ್ಪನಿಗೆ ತಿಳಿಯುವುದು ಏನೂ ಇಲ್ಲ. ತಿಳಿಯದ ಜಾಗವನ್ನು ಅನುಮಾನ ತುಂಬುತ್ತದೆ: ಆಡಳಿತ ಮಂಡಳಿಯವರ ಮಗಳಿಗೆ ಜಾಗ ಮಾಡಿಕೊಟ್ಟರೇನೋ, ಯಾರೋ ಹೇಳಿಸಿದರೇನೋ, ಜಾತಿ ನೋಡಿದರೇನೋ.

ಈ ಅನುಮಾನಕ್ಕೆ ಒಂದು ಪುಟದ ಪತ್ರದಲ್ಲಿ ಉತ್ತರ ಕೊಡಲು ಸಾಧ್ಯವಿದೆ. ನಮ್ಮ ಶಾಲೆಗಳಲ್ಲಿ ಅಂಥ ಪತ್ರ ಬರೆಯುವ ರೂಢಿ ತೀರ ಕಡಿಮೆ. ಬರೆದರೂ ಅದು "ತಮ್ಮ ಮಗಳು ಆಯ್ಕೆಯಾಗಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ" ಎಂಬ ಒಂದು ಸಾಲಿನಲ್ಲಿ ಮುಗಿಯುತ್ತದೆ. ಒಳ್ಳೆಯ ಪತ್ರ ಹೇಗಿರುತ್ತದೆ, ಅದನ್ನು ಬರೆಯಬೇಕಾದರೆ ಮೊದಲು ಏನೇನು ಆಗಿರಬೇಕು ಎಂಬುದನ್ನು ಒಂದು ಕಲ್ಪಿತ ಉದಾಹರಣೆ ಇಟ್ಟುಕೊಂಡು ನೋಡೋಣ. ಒಂಬತ್ತನೇ ತರಗತಿಯ ಹುಡುಗಿ, ಹೋದ ವರ್ಷ ತಂಡದಲ್ಲಿದ್ದಳು, ಈ ವರ್ಷ ಇಲ್ಲ.

ಪತ್ರ ಬರೆಯುವ ಕೆಲಸ ಆಯ್ಕೆ ಮುಗಿದ ಮೇಲೆ ಶುರುವಾಗುವುದಿಲ್ಲ. ಜೂನ್ ಮೊದಲ ವಾರ, ಶಾಲೆ ತೆರೆದ ಕೂಡಲೇ ಶುರುವಾಗುತ್ತದೆ. ವಲಯ ಮಟ್ಟದ ಪಂದ್ಯಗಳು ಮಳೆಗಾಲದಲ್ಲೇ ಬರುತ್ತವೆ. ಗೆದ್ದ ತಂಡ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೇಲೇರುತ್ತದೆ. ಹಾಗಾಗಿ ಮೇಷ್ಟ್ರ ಕೈಗೆ ಸಿಗುವುದು ಕೆಲವೇ ವಾರ. ಆ ವಾರಗಳಲ್ಲಿ ಯಾವುದನ್ನು ಅಳೆಯುತ್ತೇವೆ, ಎಷ್ಟು ಅಂಕ ಕೊಡುತ್ತೇವೆ ಎಂಬುದನ್ನು ಮೊದಲ ಅಭ್ಯಾಸದ ದಿನವೇ ಹಾಳೆಯಲ್ಲಿ ಬರೆದು ಮಕ್ಕಳಿಗೆ ಓದಿ ಹೇಳಿ, ಒಂದು ಪ್ರತಿಯನ್ನು ಮನೆಗೆ ಕಳಿಸಿರಬೇಕು. ಆಯ್ಕೆಯಾದ ಮೇಲೆ ಹೇಳುವ ಮಾನದಂಡ ಎಷ್ಟೇ ನ್ಯಾಯವಾಗಿದ್ದರೂ ಪೋಷಕರ ಕಿವಿಗೆ ನೆಪದಂತೆ ಕೇಳುತ್ತದೆ. ಅವರ ತಪ್ಪೂ ಅಲ್ಲ ಅದು.

ನಮ್ಮ ಉದಾಹರಣೆಯ ಶಾಲೆ ನೂರು ಅಂಕವನ್ನು ಹೀಗೆ ಹಂಚಿದೆ ಎಂದಿಟ್ಟುಕೊಳ್ಳಿ. ರನ್ನಿಂಗಿಗೆ, ಅಂದರೆ ಎದುರಾಳಿಗೆ ಸಿಗದೆ ಅಂಗಳದಲ್ಲಿ ಉಳಿಯುವುದಕ್ಕೆ, 40. ಚೇಸಿಂಗಿಗೆ 30. ಅಭ್ಯಾಸಕ್ಕೆ ಬಂದ ಹಾಜರಿಗೆ 20. ಶಟಲ್ ಓಟಕ್ಕೆ, ಅಂದರೆ ಹತ್ತು ಮೀಟರಿನ ಎರಡು ಗೆರೆಗಳ ನಡುವೆ ಆರು ಸಲ ಓಡುವುದಕ್ಕೆ, 10. ಜೊತೆಗೆ ಒಂದು ಮುಖ್ಯ ಷರತ್ತು: ಹನ್ನೆರಡರಲ್ಲಿ ಹತ್ತು ಜಾಗ ಅಂಕದ ಪ್ರಕಾರ, ಕೊನೆಯ ಎರಡು ಜಾಗ ತಂಡಕ್ಕೆ ಯಾವ ಬಗೆಯ ಆಟಗಾರ್ತಿ ಕೊರತೆ ಇದ್ದಾರೋ ಅವರಿಗೆ. ಆ ಎರಡನ್ನು ಮೇಷ್ಟ್ರು ಒಬ್ಬರೇ ನಿರ್ಧರಿಸುವಂತಿಲ್ಲ, ಇನ್ನೊಬ್ಬ ಶಿಕ್ಷಕರೂ ಒಪ್ಪಬೇಕು.

ಈ ಕೊನೆಯ ಷರತ್ತು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಎಲ್ಲವನ್ನೂ ಅಂಕಕ್ಕೆ ಬಿಟ್ಟರೆ ತಂಡ ಕಟ್ಟಲಾಗುವುದಿಲ್ಲ. ಖೋ ಖೋದಲ್ಲಿ ಎಂಟು ಮಂದಿ ಸಾಲಾಗಿ, ಒಬ್ಬರು ಈ ಕಡೆ ಒಬ್ಬರು ಆ ಕಡೆ ಮುಖ ಮಾಡಿ ಚೌಕಗಳಲ್ಲಿ ಕೂರುತ್ತಾರೆ, ಒಂಬತ್ತನೆಯವಳು ಅಟ್ಟಿಸಿಕೊಂಡು ಹೋಗುತ್ತಾಳೆ. ಅಂಗಳದ ಎರಡು ತುದಿಗೆ ಎರಡು ಕಂಬ. ಅಟ್ಟಿಸಿಕೊಂಡು ಹೋಗುವವಳು ನಡುಪಟ್ಟಿಯನ್ನು ಅಡ್ಡ ದಾಟುವಂತಿಲ್ಲ, ಹಿಂದಕ್ಕೆ ತಿರುಗುವಂತಿಲ್ಲ, ದಿಕ್ಕು ಬದಲಿಸಬೇಕಾದರೆ ಕಂಬ ಸುತ್ತಬೇಕು. ಆದ್ದರಿಂದ ಕಂಬವನ್ನು ಒಂದು ಕೈಯಲ್ಲಿ ಹಿಡಿದು ಮೈ ಚಾಚಿ ಹಾರಿ ಮುಟ್ಟುವ ಪೋಲ್ ಡೈವ್ ಬಲ್ಲವರು ತಂಡದಲ್ಲಿ ಇರಲೇಬೇಕು. ಅಂಥವಳು ಓಟದಲ್ಲಿ ಸಾಧಾರಣವಾಗಿರಬಹುದು, ಒಟ್ಟು ಅಂಕದಲ್ಲಿ ಹಿಂದೆ ಬೀಳಬಹುದು. ಹೀಗಿರುವಾಗ ಎಲ್ಲ ಅಂಕದಿಂದಲೇ ಆಯಿತು ಎಂದು ಹೇಳಿ, ಒಳಗೊಳಗೆ ಹೊಂದಿಸಿಕೊಳ್ಳುವುದು ಸುಳ್ಳು. ಎರಡು ಜಾಗ ಶಿಕ್ಷಕರ ವಿವೇಚನೆಗೆ ಬಿಟ್ಟಿದೆ ಎಂದು ಮೊದಲೇ ಬರೆದಿಟ್ಟರೆ ಅದು ನಿಯಮವಾಗುತ್ತದೆ.

ರನ್ನಿಂಗ್ ಅಳೆಯುವುದು ಹೇಗೆ? ಓಡುವ ತಂಡದವರು ಮೂವರ ಗುಂಪಾಗಿ ಅಂಗಳಕ್ಕೆ ಇಳಿಯುತ್ತಾರೆ. ಒಬ್ಬಳು ಇಳಿದ ಗಳಿಗೆಯಿಂದ ಔಟಾಗುವವರೆಗೆ ಎಷ್ಟು ಸೆಕೆಂಡ್ ಉಳಿದಳು ಎಂದು ವಾಚು ಹಿಡಿಯುವುದೇ ಅಳತೆ. ಒಂದೇ ಸಲ ನೋಡಿದರೆ ಮೋಸ ಹೋಗುತ್ತೇವೆ. ನಮ್ಮ ಹುಡುಗಿಯ ಆರು ಸರದಿಗಳ ಲೆಕ್ಕ ಹೀಗಿದೆ: 31, 44, 28, 52, 37, 36 ಸೆಕೆಂಡ್. ಮೂರನೇ ದಿನ ಮಾತ್ರ ನೋಡಿದವರಿಗೆ ಅವಳು ದುರ್ಬಲ, ನಾಲ್ಕನೇ ದಿನ ನೋಡಿದವರಿಗೆ ತಂಡದ ಆಧಾರ. ಸರಾಸರಿ 38 ಸೆಕೆಂಡ್. ಎರಡು ಸೆಕೆಂಡಿಗೆ ಒಂದು ಅಂಕದಂತೆ ಅವಳಿಗೆ 19. ಒಂದೇ ದಿನದ ಟ್ರಯಲ್ಸ್ ನಡೆಸಿ ಪಟ್ಟಿ ಹಾಕುವ ಶಾಲೆಗಳು ಈ ಏರಿಳಿತವನ್ನೇ ಪ್ರತಿಭೆ ಎಂದು ತಿಳಿದುಬಿಡುತ್ತವೆ. ಇನ್ನೂ ಒಂದು ಎಚ್ಚರ ಬೇಕು. ಎಲ್ಲ ಹುಡುಗಿಯರೂ ಅದೇ ಚೇಸಿಂಗ್ ಗುಂಪುಗಳ ಎದುರು ಓಡಿರಬೇಕು. ಹತ್ತನೇ ತರಗತಿಯ ಬಲಿಷ್ಠ ಗುಂಪಿನ ಎದುರು 36 ಸೆಕೆಂಡ್ ಉಳಿಯುವುದೂ ಎಂಟನೆಯವರ ಎದುರು 36 ಸೆಕೆಂಡ್ ಉಳಿಯುವುದೂ ಒಂದೇ ಅಲ್ಲ.

ಶಟಲ್ ಓಟಕ್ಕೆ ಕಡಿಮೆ ಅಂಕ ಇಟ್ಟಿದ್ದಕ್ಕೂ ಕಾರಣವಿದೆ. ಕೈಯಲ್ಲಿ ಹಿಡಿದ ಸ್ಟಾಪ್‌ವಾಚು ಒತ್ತುವವರ ಬೆರಳಿನಷ್ಟೇ ನಿಖರ. ಅಥ್ಲೆಟಿಕ್ಸ್‌ನಲ್ಲಿ ಕೈಗಡಿಯಾರದ ನೂರು ಮೀಟರ್ ಸಮಯವನ್ನು ವಿದ್ಯುನ್ಮಾನ ಸಮಯಕ್ಕೆ ಹೋಲಿಸುವಾಗ 0.24 ಸೆಕೆಂಡ್ ಸೇರಿಸುವ ರೂಢಿ ಬಂದದ್ದೇ ಇದರಿಂದ. ಪಿಸ್ತೂಲಿನ ಸದ್ದು ಕೇಳಿ ಬೆರಳು ಒತ್ತುವಷ್ಟರಲ್ಲಿ ಓಟ ಆಗಲೇ ಶುರುವಾಗಿರುತ್ತದೆ. ಹಾಗಿರುವಾಗ ಒಬ್ಬಳು 17.1, ಇನ್ನೊಬ್ಬಳು 17.2 ಸೆಕೆಂಡ್ ಎಂದು ಬರೆದುಕೊಂಡು ಮೊದಲಿನವಳು ಚುರುಕು ಎಂದು ತೀರ್ಮಾನಿಸಿದರೆ ಅಳತೆಯಾದದ್ದು ಮೇಷ್ಟ್ರ ಬೆರಳು. ಉಳಿದ ಸಮಯವನ್ನು ಅಳೆಯುವಾಗಲೂ ಇದೇ ಬೆರಳು ಇರುತ್ತದೆ, ಆದರೆ 38 ಸೆಕೆಂಡಿನಲ್ಲಿ ಹತ್ತರಲ್ಲೆರಡು ಸೆಕೆಂಡ್ ಹೆಚ್ಚುಕಡಿಮೆಯಾದರೆ ಏನೂ ಆಗುವುದಿಲ್ಲ.

ಹೆಚ್ಚು ಜಗಳ ಹುಟ್ಟುವುದು ಹಾಜರಿಯ ಅಂಕದಿಂದ. ಮೇಲ್ನೋಟಕ್ಕೆ ಅದಕ್ಕಿಂತ ನಿಷ್ಪಕ್ಷಪಾತವಾದ ಅಳತೆ ಇನ್ನೊಂದಿಲ್ಲ. ಬಂದವರಿಗೆ ಟಿಕ್, ಬಾರದವರಿಗೆ ಅಡ್ಡಗೆರೆ. ಆದರೆ ಹಳ್ಳಿಯಿಂದ ಬರುವ ಹುಡುಗಿಗೆ ಸಂಜೆಯ ಕೊನೆಯ ಬಸ್ಸು ಐದೂವರೆಗೆ ಹೊರಟುಹೋಗುತ್ತದೆ. ಅಭ್ಯಾಸ ಆರಕ್ಕೆ ಮುಗಿಯುತ್ತದೆ. ಅವಳ ಗೈರುಹಾಜರಿಗೆ ಕಾರಣ ಉತ್ಸಾಹದ ಕೊರತೆ ಅಲ್ಲ, ಬಸ್ಸಿನ ವೇಳಾಪಟ್ಟಿ. ಮುಟ್ಟಿನ ದಿನಗಳಲ್ಲಿ ಹೊಟ್ಟೆನೋವಿನಿಂದ ಬಾರದವಳು ಗಂಡು ಮೇಷ್ಟ್ರ ಮುಂದೆ ಕಾರಣ ಹೇಳದೆ ಸುಮ್ಮನಿದ್ದುಬಿಡುತ್ತಾಳೆ, ರಿಜಿಸ್ಟರಿನಲ್ಲಿ ಅಡ್ಡಗೆರೆ ಬೀಳುತ್ತದೆ. ಅಮ್ಮ ಕೂಲಿಗೆ ಹೋದ ದಿನ ತಮ್ಮನನ್ನು ನೋಡಿಕೊಳ್ಳಬೇಕಾದವಳಿದ್ದಾಳೆ. ಹಾಜರಿಗೆ ಅಂಕ ಇಡಲೇಬೇಕೆಂದರೆ ಯಾವ ಗೈರುಹಾಜರಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದನ್ನೂ ಮೊದಲೇ ಬರೆಯಬೇಕು. ಕಾರಣವನ್ನು ಶಾಲೆಯ ಯಾರಾದರೂ ಮೇಡಂ ಬಳಿ ಹೇಳಿದರೂ ಸಾಕು ಎಂಬ ದಾರಿ ಇರಬೇಕು. ಬಸ್ಸಿನ ಮಕ್ಕಳಿಗೆ ಬೆಳಗಿನ ಪ್ರಾರ್ಥನೆಗೆ ಮುಂಚಿನ ಅಭ್ಯಾಸವನ್ನೇ ಹಾಜರಿ ಎಂದು ಪರಿಗಣಿಸಬಹುದು. ಇಷ್ಟು ಮಾಡಲಾಗದ ಶಾಲೆ ಹಾಜರಿಗೆ ಅಂಕ ಇಡದೆ ಇರುವುದೇ ಮೇಲು.

ವಯಸ್ಸಿನ ವಿಷಯವನ್ನೂ ಮರೆಯುವಂತಿಲ್ಲ. ಪ್ರೌಢಶಾಲಾ ಹುಡುಗಿಯರು 17 ವರ್ಷದೊಳಗಿನ ವಿಭಾಗದಲ್ಲಿ ಆಡುತ್ತಾರೆ. ಅಂದರೆ ಹದಿಮೂರು ತುಂಬಿದವಳೂ ಹದಿನಾರಾದವಳೂ ಒಂದೇ ಜಾಗಕ್ಕೆ ಸ್ಪರ್ಧಿಸುತ್ತಾರೆ. ಒಂದೇ ವರ್ಷದಲ್ಲಿ ಹುಟ್ಟಿದವರ ನಡುವೆಯೂ ಜನವರಿಯ ಮಗುವಿಗೂ ಡಿಸೆಂಬರಿನ ಮಗುವಿಗೂ ಸುಮಾರು ಒಂದು ವರ್ಷದ ಬೆಳವಣಿಗೆಯ ಅಂತರವಿದೆ. ಕೆನಡಾದ ಐಸ್ ಹಾಕಿ ತಂಡಗಳಲ್ಲಿ ವರ್ಷದ ಆರಂಭದ ತಿಂಗಳುಗಳಲ್ಲಿ ಹುಟ್ಟಿದವರೇ ತುಂಬಿಕೊಂಡಿರುವುದನ್ನು ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್‌ಸ್ಲಿ ಮತ್ತು ಸಂಗಡಿಗರು 1980ರ ದಶಕದಲ್ಲಿ ತೋರಿಸಿಕೊಟ್ಟರು. ಅಲ್ಲಿ ವಯಸ್ಸು ಲೆಕ್ಕ ಹಾಕುವುದು ಜನವರಿ ಒಂದರಿಂದ. ತುಸು ದೊಡ್ಡವರು ಮೊದಲು ಆಯ್ಕೆಯಾಗುತ್ತಾರೆ, ಆಯ್ಕೆಯಾದವರಿಗೆ ಒಳ್ಳೆಯ ತರಬೇತಿ ಸಿಗುತ್ತದೆ, ತರಬೇತಿಯಿಂದ ಅವರು ನಿಜಕ್ಕೂ ಮುಂದೆ ಹೋಗುತ್ತಾರೆ. ಆದ್ದರಿಂದ ಒಂಬತ್ತನೆಯ ಹುಡುಗಿ ಹತ್ತನೆಯವರಿಗಿಂತ ಎರಡು ಅಂಕ ಹಿಂದೆ ಬಿದ್ದದ್ದನ್ನು ಪೋಷಕರಿಗೆ ಹೇಳುವಾಗ ವಯಸ್ಸಿನ ಮಾತೂ ಜೊತೆಗಿರಬೇಕು.

ಈಗ ಪತ್ರ.

"ಮಾನ್ಯ ಪೋಷಕರೇ, ನಮಸ್ಕಾರ.

ಈ ವರ್ಷದ ಬಾಲಕಿಯರ ಖೋ ಖೋ ತಂಡಕ್ಕೆ ನಿಮ್ಮ ಮಗಳು ಆಯ್ಕೆಯಾಗಿಲ್ಲ. ಈ ವಿಷಯವನ್ನು ಇವತ್ತು ಮಧ್ಯಾಹ್ನ ನಾನು ಅವಳಿಗೆ ಖುದ್ದಾಗಿ ಹೇಳಿದ್ದೇನೆ. ಹೋದ ವರ್ಷ ತಂಡದಲ್ಲಿದ್ದವಳಾದ್ದರಿಂದ ಅವಳಿಗೂ ನಿಮಗೂ ಬೇಸರವಾಗುವುದು ಸಹಜ. ಕಾರಣ ತಿಳಿಯುವುದು ನಿಮ್ಮ ಹಕ್ಕು, ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಜೂನ್ ಮೊದಲ ವಾರ ಮನೆಗೆ ಕಳಿಸಿದ ಹಾಳೆಯಲ್ಲಿ ಇದ್ದಂತೆಯೇ ಅಂಕ ಕೊಟ್ಟಿದ್ದೇವೆ. ಹೋದ ವರ್ಷದ ಆಟಕ್ಕೆ ಯಾರಿಗೂ ಅಂಕ ಕೊಟ್ಟಿಲ್ಲ. ನಿಮ್ಮ ಮಗಳಿಗೆ ರನ್ನಿಂಗಿನಲ್ಲಿ 40ಕ್ಕೆ 19, ಚೇಸಿಂಗಿನಲ್ಲಿ 30ಕ್ಕೆ 13, ಶಟಲ್ ಓಟದಲ್ಲಿ 10ಕ್ಕೆ 7, ಹಾಜರಿಯಲ್ಲಿ 20ಕ್ಕೆ 19, ಒಟ್ಟು 58 ಬಂದಿದೆ. ಅವಳು ಮೂರು ದಿನ ಬಂದಿರಲಿಲ್ಲ. ಅದರಲ್ಲಿ ಜ್ವರದ ಎರಡು ದಿನಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಇಪ್ಪತ್ತಾರು ಮಂದಿಯಲ್ಲಿ ಅವಳದು ಹನ್ನೊಂದನೇ ಸ್ಥಾನ. ಹತ್ತನೇ ಸ್ಥಾನಕ್ಕೆ ಬಂದ ಅಂಕ 60. ಕೊನೆಯ ಎರಡು ಜಾಗಗಳನ್ನು, ಮೊದಲೇ ತಿಳಿಸಿದಂತೆ, ತಂಡದ ಅಗತ್ಯ ನೋಡಿ ತುಂಬಿದ್ದೇವೆ. ಹೋದ ವರ್ಷ ಕಂಬದ ಬಳಿ ಆಡುತ್ತಿದ್ದ ಇಬ್ಬರೂ ಹತ್ತನೇ ತರಗತಿ ಮುಗಿಸಿ ಹೋಗಿದ್ದಾರೆ. ಹಾಗಾಗಿ ಪೋಲ್ ಡೈವ್ ಚೆನ್ನಾಗಿ ಮಾಡುವ ಇಬ್ಬರನ್ನು ತೆಗೆದುಕೊಂಡಿದ್ದೇವೆ. ಇದು ನನ್ನ ಮತ್ತು ನನ್ನ ಜೊತೆ ಆಯ್ಕೆಗೆ ಕೂತ ಶಿಕ್ಷಕಿಯವರ ತೀರ್ಮಾನ. ಇದರ ಹೊಣೆ ನಮ್ಮದು.

ಅವಳಿಗೆ ಜಾಗ ತಪ್ಪಿದ್ದು ಚೇಸಿಂಗಿನಲ್ಲಿ. ಆರು ಸರದಿಗಳಲ್ಲಿ ಒಂಬತ್ತು ಮಂದಿಯನ್ನು ಔಟ್ ಮಾಡಿದ್ದಾಳೆ. ತಲಾ ಎರಡರಂತೆ 18 ಅಂಕ, ಇದು ಒಳ್ಳೆಯದೇ. ಆದರೆ ಐದು ಫೌಲ್ ಆಗಿವೆ: ಖೋ ಬೀಳುವ ಮೊದಲೇ ಎದ್ದದ್ದು ಮೂರು ಸಲ, ನಡುಪಟ್ಟಿ ದಾಟಿದ್ದು ಎರಡು ಸಲ. ಅದಕ್ಕೆ ಐದು ಅಂಕ ಕಳೆದಿದೆ. ಮೂರು ಫೌಲ್ ಕಡಿಮೆಯಾಗಿದ್ದರೆ 61 ಆಗಿ ಅಂಕದ ಮೇಲೆಯೇ ಒಳಗಿರುತ್ತಿದ್ದಳು. ಎರಡು ಅಂಕದ ಅಂತರ ಚಿಕ್ಕದೆಂದು ನಾವು ಬಲ್ಲೆವು. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕಾಗಿತ್ತು. ಪಟ್ಟಿಯಲ್ಲಿರುವವರಲ್ಲಿ ಹೆಚ್ಚಿನವರು ಅವಳಿಗಿಂತ ಒಂದು ವರ್ಷ ದೊಡ್ಡವರು.

ಮೊದಲು ಹೊರಗುಳಿದ ನಾಲ್ವರಿಗೆ ತಂಡದ ಜೊತೆಯಲ್ಲೇ ಅಭ್ಯಾಸ ಮುಂದುವರಿಯುತ್ತದೆ. ಅವಳು ಬರಬೇಕೆಂಬುದು ನನ್ನ ಆಸೆ. ಬಂದರೆ, ಖೋ ಬಿದ್ದ ಮೇಲೆ ಏಳುವುದನ್ನು ವಾರಕ್ಕೆರಡು ದಿನ ಬೇರೆಯಾಗಿ ಮಾಡಿಸುತ್ತೇನೆ. ಬರದಿದ್ದರೆ ಅದರಿಂದ ಮುಂದಿನ ವರ್ಷದ ಆಯ್ಕೆಗೆ ತೊಂದರೆಯಿಲ್ಲ.

ಅಂಕದ ಹಾಳೆಯಲ್ಲಿ ಅವಳ ಸಾಲನ್ನು ನೀವು ಬಂದು ನೋಡಬಹುದು. ಕೂಡಿಸುವುದರಲ್ಲಿ, ಹಾಜರಿಯಲ್ಲಿ ತಪ್ಪು ಕಂಡರೆ ಮೂರು ದಿನದೊಳಗೆ ಹೇಳಿ, ಮುಖ್ಯ ಶಿಕ್ಷಕರ ಎದುರು ಸರಿಪಡಿಸುತ್ತೇವೆ. ಆಮೇಲೆ ಪಟ್ಟಿಯನ್ನು ಕಳಿಸಬೇಕಾಗಿದೆ. ಬೇರೆ ಮಕ್ಕಳ ಅಂಕವನ್ನು ಹೆಸರು ಹಿಡಿದು ಹೇಳಲಾರೆ, ನಿಮ್ಮ ಮಗಳ ಅಂಕವನ್ನೂ ಬೇರೆಯವರಿಗೆ ಹೇಳುವುದಿಲ್ಲ.

ಇಂತಿ, ದೈಹಿಕ ಶಿಕ್ಷಣ ಶಿಕ್ಷಕರು."

ಈ ಪತ್ರದಲ್ಲಿ ಸಮಾಧಾನದ ಮಾತು ಕಡಿಮೆ. ಮೊದಲ ವಾಕ್ಯವೇ ಕೆಟ್ಟ ಸುದ್ದಿ. ಹಾಗಿರುವುದೇ ಸರಿ. ಎರಡು ಪ್ಯಾರಾ ಹೊಗಳಿ ಮೂರನೆಯದರಲ್ಲಿ "ಆದರೆ" ಎಂದರೆ ಓದುವವರಿಗೆ ಮೊದಲಿನ ಹೊಗಳಿಕೆಯೂ ಸುಳ್ಳೆನಿಸುತ್ತದೆ. ಹುಡುಗಿಯ ಬಗ್ಗೆ ಪತ್ರ ಹೇಳುವ ಒಳ್ಳೆಯ ಮಾತು ಒಂದೇ, ಒಂಬತ್ತು ಮಂದಿಯನ್ನು ಔಟ್ ಮಾಡಿದ್ದು. ಅದು ಎಣಿಸಿ ಬರೆದದ್ದು, ಆದ್ದರಿಂದ ಅವಳು ಅದನ್ನು ನಂಬುತ್ತಾಳೆ.

"ಆತ್ಮವಿಶ್ವಾಸ ಸಾಲದು", "ಗಂಭೀರತೆ ಇಲ್ಲ", "ತಂಡದಲ್ಲಿ ಹೊಂದಿಕೊಳ್ಳುವುದಿಲ್ಲ" ಎಂಬಂಥ ಮಾತುಗಳು ಪತ್ರದಲ್ಲಿ ಇಲ್ಲದಿರುವುದನ್ನೂ ಗಮನಿಸಬೇಕು. ಇವು ಶಿಕ್ಷಕರ ಬಾಯಲ್ಲಿ ಸಲೀಸಾಗಿ ಬರುವ ಮಾತುಗಳು. ಹದಿನಾಲ್ಕರ ಹುಡುಗಿ ಇವನ್ನು ತನ್ನ ಸ್ವಭಾವದ ಮೇಲಿನ ತೀರ್ಪೆಂದು ತೆಗೆದುಕೊಳ್ಳುತ್ತಾಳೆ, ತಿದ್ದಿಕೊಳ್ಳುವ ದಾರಿ ಅವುಗಳಲ್ಲಿ ಇರುವುದಿಲ್ಲ. ಖೋ ಬೀಳುವ ಮೊದಲೇ ಏಳುತ್ತೀಯ ಎಂದರೆ ನಾಳೆಯಿಂದಲೇ ತಿದ್ದಿಕೊಳ್ಳಬಹುದು. ಬೆನ್ನ ಮೇಲೆ ಕೈ ಬಿದ್ದು, ಖೋ ಎಂಬ ಸದ್ದೂ ಕಿವಿಗೆ ಬಿದ್ದ ಮೇಲೆ ಮಾತ್ರ ಏಳು ಎಂದು ಹಿಂದಿನಿಂದ ಒಬ್ಬಳನ್ನು ನಿಲ್ಲಿಸಿ, ಬೇಕೆಂದೇ ಕೆಲವು ಸಲ ಬರೀ ಕೂಗಿಸಿ, ಕೆಲವು ಸಲ ಬರೀ ಮುಟ್ಟಿಸಿ ಅಭ್ಯಾಸ ಮಾಡಿಸಿದರೆ ಈ ಆತುರ ಹೋಗುತ್ತದೆ.

ಪತ್ರ ತಲುಪುವ ಕ್ರಮವೂ ಪತ್ರದಷ್ಟೇ ಮುಖ್ಯ. ಈಗ ಹಲವು ಶಾಲೆಗಳಲ್ಲಿ ತಂಡದ ಪಟ್ಟಿ ನೇರವಾಗಿ ಪೋಷಕರ ವಾಟ್ಸ್ಆ್ಯಪ್ ಗುಂಪಿಗೆ ಬೀಳುತ್ತದೆ. ಹುಡುಗಿಗೆ ಗೊತ್ತಾಗುವ ಮೊದಲೇ ಪಕ್ಕದ ಮನೆಯವರಿಗೆ ಗೊತ್ತಾಗಿರುತ್ತದೆ. ಮೊದಲು ಹುಡುಗಿಗೆ, ಗೆಳತಿಯರಿಲ್ಲದ ಕಡೆ, ಎದುರು ಕೂರಿಸಿಕೊಂಡು ಹೇಳಬೇಕು. ಅದೇ ಸಂಜೆ ಪತ್ರ ಮನೆಗೆ ಹೋಗಬೇಕು. ಪಟ್ಟಿ ಬೋರ್ಡಿಗೆ ಬರಬೇಕಾದದ್ದು ಮರುದಿನ. ಮನೆಯಲ್ಲಿ ಓದು ಬಲ್ಲವರು ಇಲ್ಲದಿದ್ದರೆ ಆ ಪತ್ರವನ್ನು ಅಳುತ್ತಿರುವ ಹುಡುಗಿಯೇ ಅಪ್ಪ ಅಮ್ಮನಿಗೆ ಓದಿ ಹೇಳಬೇಕಾಗುತ್ತದೆ. ಅಂಥ ಮನೆಗೆ ಮೇಷ್ಟ್ರೇ ಫೋನು ಮಾಡಿ ಓದಿ ಹೇಳಬೇಕು, ಹಾಳೆ ಆಮೇಲೆ ಹೋಗಲಿ.

ಇಷ್ಟಾದರೂ ಕೆಲವು ಪೋಷಕರು ಒಪ್ಪುವುದಿಲ್ಲ. ಒಪ್ಪಿಸುವುದು ಪತ್ರದ ಕೆಲಸವೂ ಅಲ್ಲ. ಹೋದ ವರ್ಷ ಆಡಿದವಳಿಗೆ ಅನುಭವದ ಅಂಕ ಯಾಕಿಲ್ಲ ಎಂದು ಅಪ್ಪ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅನುಭವ ಇದ್ದರೆ ಅದು ಉಳಿದ ಸೆಕೆಂಡುಗಳಲ್ಲೇ ಕಾಣಬೇಕು ಎಂಬುದು ಒಂದು ಉತ್ತರ. ಪಂದ್ಯದ ಒತ್ತಡ ಅಭ್ಯಾಸದಲ್ಲಿ ಇರುವುದಿಲ್ಲ, ಅದಕ್ಕೆ ಐದು ಅಂಕವಾದರೂ ಇಡಬಹುದಿತ್ತು ಎಂಬುದು ಇನ್ನೊಂದು. ಎರಡರಲ್ಲೂ ಹುರುಳಿದೆ. ಈ ಚರ್ಚೆ ಮುಂದಿನ ಜೂನಿನ ಹಾಳೆ ಬರೆಯುವಾಗ ನಡೆಯಬೇಕು, ಈ ವರ್ಷದ ಪಟ್ಟಿ ಹಾಕಿದ ಮೇಲೆ ಒಬ್ಬಳಿಗಾಗಿ ನಿಯಮ ಬದಲಿಸಲು ಬರುವುದಿಲ್ಲ. ಯಾಕೆಂದರೆ ಪಟ್ಟಿಯಿಂದ ಅವಳಿಗೆ ಜಾಗ ಬಿಟ್ಟುಕೊಡಬೇಕಾದವಳಿಗೂ ಒಂದು ಮನೆಯಿದೆ.

2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪನ್ನು ಭಾರತದ ಮಹಿಳೆಯರು ಗೆದ್ದರು. ಆ ತಂಡದಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲ್ಲೂಕಿನ ಚೈತ್ರಾ ಇದ್ದರು. ಹಳ್ಳಿಯ ಆಟ ಎಂದು ತಳ್ಳಿಹಾಕುತ್ತಿದ್ದ ಮನೆಗಳಲ್ಲೂ ಈಗ ಹುಡುಗಿಯ ಹೆಸರು ಪಟ್ಟಿಯಲ್ಲಿದೆಯೇ ಎಂದು ಕೇಳುತ್ತಾರೆ. ಮುಂದೆ ಕ್ರೀಡಾ ಕೋಟಾದ ಸೀಟಿನ ಲೆಕ್ಕಾಚಾರವೂ ಅದರ ಹಿಂದೆಯೇ ಬರುತ್ತದೆ. ಕೇಳುವವರು ಹೆಚ್ಚಿದಂತೆ ಬಾಯಿಮಾತಿನ ಉತ್ತರ ಸಾಲದಾಗುತ್ತದೆ. ನಿಮ್ಮ ಮಗ ಅಥವಾ ಮಗಳು ಯಾವುದೇ ಆಟದ ಶಾಲಾ ತಂಡಕ್ಕೆ ಸ್ಪರ್ಧಿಸುತ್ತಿದ್ದರೆ ಮೊದಲ ಅಭ್ಯಾಸದ ವಾರದಲ್ಲೇ ಮೇಷ್ಟ್ರನ್ನು ಕಂಡು, ಯಾವುದಕ್ಕೆ ಎಷ್ಟು ಅಂಕ ಎಂದು ಬರೆದುಕೊಡಿ ಎಂದು ವಿನಯದಿಂದ ಕೇಳಿ. ಬರೆದದ್ದು ಇಲ್ಲವೆಂದರೆ ಬರೆಯುವಂತೆ ಮುಖ್ಯ ಶಿಕ್ಷಕರನ್ನು ಒತ್ತಾಯಿಸಿ. ಪಟ್ಟಿ ಬಂದ ಮೇಲೆ ಕೇಳುವುದಕ್ಕಿಂತ ಆಗ ಕೇಳುವುದು ನಿಮಗೂ ಸುಲಭ, ಮೇಷ್ಟ್ರಿಗೂ ಸುಲಭ.